ನೂರ ಎಂಬತ್ತು ರೂಪಾಯಿಯ ವ್ಯತ್ಯಾಸ

ದಾವಣಗೆರೆಯಲ್ಲೊಂದು ಎಲೆಕ್ಟ್ರಿಕಲ್ ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ವೈರು, ಸ್ವಿಚ್ಚು, ಫ್ಯಾನು, ಎಂಸಿಬಿ ಎಲ್ಲ ಸಿಗುವ, ಕೆಲಸಕ್ಕೆ ಇಬ್ಬರು ಹುಡುಗರಿರುವ ಮಧ್ಯಮ ಗಾತ್ರದ ಅಂಗಡಿ. 2025ರ ನವೆಂಬರ್ 14ರ ಸಂಜೆ. ದಿನವೂ ಎರಡು ತಾಸು ಲೆಕ್ಕ ಬರೆಯಲು ಬರುವ ಹೆಣ್ಣುಮಗಳು ಕಂಪ್ಯೂಟರ್ ಮುಂದೆ ಕೂತು ಎರಡು ಮೊತ್ತಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದಾಳೆ. ಅಂಗಡಿಯ ಖರೀದಿ ಪುಸ್ತಕದ ಪ್ರಕಾರ ಅಕ್ಟೋಬರ್‌ನಲ್ಲಿ 43 ಬಿಲ್ಲುಗಳು ಬಂದಿವೆ, ಅವುಗಳಲ್ಲಿ ಕಟ್ಟಿದ ಜಿಎಸ್‌ಟಿ ₹2,14,560. ಮಾರಿದವರು ಸರ್ಕಾರಕ್ಕೆ ಹೇಳಿಕೊಂಡಿರುವ ಪ್ರಕಾರ, ಅಂದರೆ ಪೋರ್ಟಲ್‌ನಲ್ಲಿ ಕಾಣುವ ಪ್ರಕಾರ, ₹2,14,740.

ವ್ಯತ್ಯಾಸ ₹180. ಅದೂ ಅಂಗಡಿಗೇ ಲಾಭವಾಗುವ ಕಡೆಗೆ.

“ಏನಮ್ಮಾ, ನೂರೆಂಬತ್ತು ರೂಪಾಯಿಗೆ ಇಷ್ಟು ತಲೆ ಕೆಡಿಸ್ಕೋತೀಯಾ? ಫೈಲ್ ಮಾಡಿ ಮುಗಿಸು” ಎನ್ನುತ್ತಾರೆ ಮಾಲೀಕರು. ಅವಳು ಮುಗಿಸುವುದಿಲ್ಲ. ಮೊತ್ತ ಮೊತ್ತಕ್ಕೆ ತಾಳೆಯಾಯಿತು ಎಂದರೆ ಬಿಲ್ಲು ಬಿಲ್ಲಿಗೆ ತಾಳೆಯಾಯಿತು ಎಂದೇನಲ್ಲ ಎಂಬುದು ಅವಳಿಗೆ ಗೊತ್ತು. ಒಂದು ಕಡೆಯ ತಪ್ಪು ಇನ್ನೊಂದು ಕಡೆಯ ತಪ್ಪನ್ನು ನುಂಗಿ ಕೂತಿರಬಹುದು. ಆ ಸಂಜೆ ಕೆದಕಿದಾಗ ಸಿಕ್ಕಿದ್ದೂ ಅದೇ: ನೂರೆಂಬತ್ತು ರೂಪಾಯಿಯ ಹಿಂದೆ ಐದು ಬೇರೆ ಬೇರೆ ಕಥೆಗಳು.

ಅವುಗಳಿಗೆ ಹೋಗುವ ಮೊದಲು ಈ ಲೆಕ್ಕದ ಬೇರು ಎಲ್ಲಿದೆ ನೋಡಬೇಕು. ಅಂಗಡಿಯವರು ಒಂದು ಫ್ಯಾನನ್ನು ₹2,000ಕ್ಕೆ ಕೊಳ್ಳುತ್ತಾರೆ, ಅದರ ಮೇಲೆ ಶೇ 18ರಂತೆ ₹360 ತೆರಿಗೆ ಕೊಡುತ್ತಾರೆ. ಅದನ್ನೇ ₹2,500ಕ್ಕೆ ಮಾರುವಾಗ ಗಿರಾಕಿಯಿಂದ ₹450 ತೆರಿಗೆ ವಸೂಲಿ ಮಾಡುತ್ತಾರೆ. ಸರ್ಕಾರಕ್ಕೆ ಕಟ್ಟುವುದು ₹450 ಅಲ್ಲ, ಆಗಲೇ ಕೊಟ್ಟಿರುವ ₹360 ಕಳೆದು ಉಳಿದ ₹90 ಮಾತ್ರ. ಹೀಗೆ ಕಳೆದುಕೊಳ್ಳುವ ₹360ಕ್ಕೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎನ್ನುವುದು. ಪೇಟೆಯ ಮಾತಿನಲ್ಲಿ ಐಟಿಸಿ. ತೊಡಕು ಇರುವುದು ಇಲ್ಲೇ. ಅಂಗಡಿಯವರು ಆ ₹360 ಕೊಟ್ಟಿದ್ದು ಸರ್ಕಾರಕ್ಕಲ್ಲ, ಫ್ಯಾನು ಮಾರಿದ ಹೋಲ್‌ಸೇಲ್ ವ್ಯಾಪಾರಿಗೆ. ಅವನು ಅದನ್ನು ಖಜಾನೆಗೆ ಕಟ್ಟದೆ ಜೇಬಿಗಿಳಿಸಿದರೆ, ಬಾರದ ಹಣಕ್ಕೆ ಸರ್ಕಾರ ವಜಾ ಕೊಟ್ಟಂತಾಗುತ್ತದೆ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಇದಕ್ಕೊಂದು ಉಪಾಯ ಯೋಚಿಸಿದ್ದರು. ಮಾರಿದವನು ಜಿಎಸ್‌ಟಿಆರ್-1ರಲ್ಲಿ ತನ್ನ ಬಿಲ್ಲುಗಳನ್ನು ಹಾಕಬೇಕು, ಕೊಂಡವನು ಜಿಎಸ್‌ಟಿಆರ್-2ರಲ್ಲಿ ತನ್ನವನ್ನು ಒಪ್ಪಿಕೊಳ್ಳಬೇಕು, ಎರಡೂ ಹೊಂದಿದರೆ ಕ್ರೆಡಿಟ್. ಕಾಗದದ ಮೇಲೆ ಚೆನ್ನಾಗಿತ್ತು. ಕೆಲವೇ ತಿಂಗಳಲ್ಲಿ ಜಿಎಸ್‌ಟಿಆರ್-2 ನಿಂತುಹೋಯಿತು. ಅದರ ಜಾಗದಲ್ಲಿ ಉಳಿದದ್ದು ತಾತ್ಕಾಲಿಕವೆಂದು ತಂದಿದ್ದ 3ಬಿ ಎಂಬ ಚಿಕ್ಕ ರಿಟರ್ನ್. ಅದರಲ್ಲಿ ಕ್ರೆಡಿಟ್ ಎಷ್ಟು ಎಂಬುದನ್ನು ವ್ಯಾಪಾರಿಯೇ ಒಂದು ಅಂಕಿಯಾಗಿ ಬರೆದರೆ ಸಾಕಿತ್ತು, ಬಿಲ್ಲುಗಳ ಪಟ್ಟಿ ಬೇಕಿರಲಿಲ್ಲ. ಸರಕೇ ಇಲ್ಲದ ಬಿಲ್ಲುಗಳ ಧಂಧೆಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇಕೆ?

ಆ ಬಾಗಿಲನ್ನು ಸರ್ಕಾರ ಮೆಲ್ಲಮೆಲ್ಲಗೆ ಮುಚ್ಚಿತು. ಪೋರ್ಟಲ್‌ನಲ್ಲಿ ಕಾಣದ ಬಿಲ್ಲುಗಳಿಗೆ, ಕಾಣುವ ಕ್ರೆಡಿಟ್‌ನ ಶೇ 20ರಷ್ಟು ಮಾತ್ರ ಹೆಚ್ಚುವರಿಯಾಗಿ ತೆಗೆದುಕೊಳ್ಳಬಹುದು ಎಂದು 2019ರ ಅಕ್ಟೋಬರ್‌ನಲ್ಲಿ ನಿಯಮ ಬಂತು. ಅದು 2020ರ ಜನವರಿಯಿಂದ ಶೇ 10, 2021ರ ಜನವರಿಯಿಂದ ಶೇ 5 ಆಯಿತು. 2022ರ ಜನವರಿ 1ರಿಂದ ಸೊನ್ನೆ. ಇಂದು ಕೈಯಲ್ಲಿ ಬಿಲ್ಲಿದ್ದರೂ, ಸರಕು ಗೋಡೌನ್‌ನಲ್ಲಿದ್ದರೂ, ಹಣ ಕೊಟ್ಟಾಗಿದ್ದರೂ, ಮಾರಿದವನು ಆ ಬಿಲ್ಲನ್ನು ತನ್ನ ರಿಟರ್ನ್‌ನಲ್ಲಿ ತೋರಿಸಿಲ್ಲವಾದರೆ ಕ್ರೆಡಿಟ್ ಇಲ್ಲ.

ತೋರಿಸಿದ್ದಾನೋ ಇಲ್ಲವೋ ಎಂದು ತಿಳಿಸುವ ಪಟ್ಟಿಯೇ ಜಿಎಸ್‌ಟಿಆರ್-2ಬಿ. ತಿಂಗಳ ಲೆಕ್ಕ ಕೊಡುವ ವ್ಯಾಪಾರಿಗಳು 11ನೇ ತಾರೀಖಿನೊಳಗೆ, ಮೂರು ತಿಂಗಳಿಗೊಮ್ಮೆ ಕೊಡುವ ಸಣ್ಣವರು 13ರೊಳಗೆ ತಮ್ಮ ಮಾರಾಟದ ಬಿಲ್ಲುಗಳನ್ನು ಹಾಕುತ್ತಾರೆ. ಅವನ್ನೆಲ್ಲ ಕೊಂಡವರ ಹೆಸರಿಗೆ ವಿಂಗಡಿಸಿ ಪೋರ್ಟಲ್ 14ರಂದು ಪಟ್ಟಿ ತಯಾರಿಸುತ್ತದೆ. ಇದರ ಅಣ್ಣ 2ಎ ಎಂಬ ಇನ್ನೊಂದು ಪಟ್ಟಿ ಇದೆ. ಯಾರಾದರೂ ತಡವಾಗಿ ಫೈಲ್ ಮಾಡಿದರೆ ಅದು ಅಲ್ಲೇ ಬದಲಾಗುತ್ತದೆ, ಬೆಳಿಗ್ಗೆ ನೋಡಿದ ಮೊತ್ತ ಸಂಜೆಗೆ ಇರುವುದಿಲ್ಲ. ತಡವಾಗಿ ಬಂದ ಬಿಲ್ಲು ಹಳೆಯ ತಿಂಗಳ 2ಬಿಗೆ ಹೋಗಿ ಸೇರುವುದಿಲ್ಲ, ಮುಂದಿನ ತಿಂಗಳ 2ಬಿಯಲ್ಲಿ ಬರುತ್ತದೆ. ಆದ್ದರಿಂದ ಅಕ್ಟೋಬರ್ ಪಟ್ಟಿಯಲ್ಲಿ ಆಗಸ್ಟ್ ತಾರೀಖಿನ ಬಿಲ್ಲು ಕಂಡರೆ ಗಾಬರಿಯಾಗಬೇಕಿಲ್ಲ. ಆಗಸ್ಟ್‌ನಲ್ಲಿ ಅದನ್ನು ತೆಗೆದುಕೊಂಡಿರಲಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡರೆ ಆಯಿತು.

ಈಗ ಆ ಸಂಜೆಗೆ ಬರೋಣ. ಅವಳು ಪೋರ್ಟಲ್‌ನಿಂದ 2ಬಿಯ ಎಕ್ಸೆಲ್ ಇಳಿಸಿಕೊಂಡು, ಪಕ್ಕದಲ್ಲಿ ಖರೀದಿ ಪುಸ್ತಕವನ್ನು ತೆರೆದಳು. ಎರಡನ್ನೂ ಬಿಲ್ ನಂಬರ್ ಹಿಡಿದು ಹೊಂದಿಸುವುದು ಯಾರಿಗಾದರೂ ಮೊದಲು ಹೊಳೆಯುವ ದಾರಿ. ಆದರೆ ಬಿಲ್ ನಂಬರಿನಷ್ಟು ಕಾಟ ಕೊಡುವ ವಸ್ತು ಇನ್ನೊಂದಿಲ್ಲ. ಮಾರಿದವನ ಬಿಲ್ಲಿನಲ್ಲಿ SE/25-26/0457 ಎಂದಿರುತ್ತದೆ. ನಮ್ಮ ಕಡೆ ಅವಸರದಲ್ಲಿ 457 ಎಂದು ಹೊಡೆದಿರುತ್ತಾರೆ. ಇನ್ನೊಬ್ಬನ ಬಿಲ್ ನಂಬರು 12/25. ಅದನ್ನು ಟೈಪಿಸಿ ಎಂಟರ್ ಒತ್ತಿದ ಕೂಡಲೇ ಎಕ್ಸೆಲ್ ಅದನ್ನು ತಾರೀಖೆಂದು ತಿಳಿದು Dec-25 ಮಾಡಿಬಿಡುತ್ತದೆ. 0089 ಎಂದು ಬರೆದರೆ ಮುಂದಿನ ಸೊನ್ನೆಗಳು ಮಾಯ. ಕಣ್ಣಿಗೆ ಒಂದೇ ಬಿಲ್ಲು, ಕಂಪ್ಯೂಟರಿಗೆ ಎರಡು.

ಹಾಗಾಗಿ ಅವಳು ಮೊದಲ ಸುತ್ತಿನಲ್ಲಿ ಬಿಲ್ ನಂಬರನ್ನು ಮುಟ್ಟುವುದೇ ಇಲ್ಲ. ಮಾರಿದವರ ಹದಿನೈದು ಅಕ್ಷರದ ಜಿಎಸ್‌ಟಿ ನಂಬರು ಮತ್ತು ರೂಪಾಯಿಗೆ ಸುತ್ತಿದ ತೆರಿಗೆ, ಇವೆರಡನ್ನೂ ಸೇರಿಸಿ ಎರಡು ಹಾಳೆಗಳಲ್ಲೂ ಒಂದೊಂದು ಗುರುತು ಮಾಡಿಕೊಳ್ಳುತ್ತಾಳೆ. ನಂತರ ಈ ಹಾಳೆಯ ಗುರುತು ಆ ಹಾಳೆಯಲ್ಲಿ ಎಷ್ಟು ಸಲ ಇದೆ ಎಂದು ಎಣಿಸುತ್ತಾಳೆ. A ಕಾಲಂನಲ್ಲಿ ಜಿಎಸ್‌ಟಿ ನಂಬರು, D ಕಾಲಂನಲ್ಲಿ ತೆರಿಗೆ, H ಕಾಲಂನಲ್ಲಿ ಗುರುತು ಇದ್ದರೆ:

```
H2:  =A2&"|"&ROUND(D2,0)
I2:  =COUNTIF(Sheet2!H:H,H2)
```

I ಕಾಲಂನಲ್ಲಿ 1 ಬಂದರೆ ಜೋಡಿ ಸಿಕ್ಕಿತು, 0 ಬಂದರೆ ಸಿಗಲಿಲ್ಲ. 2 ಬಂದರೆ ಒಬ್ಬನೇ ವ್ಯಾಪಾರಿ ಒಂದೇ ಮೊತ್ತದ ಎರಡು ಬಿಲ್ಲು ಕೊಟ್ಟಿದ್ದಾನೆ ಎಂದರ್ಥ. ಆಗ ಮಾತ್ರ ನಂಬರು, ತಾರೀಖು ನೋಡಿ ಕೈಯಲ್ಲೇ ಹೊಂದಿಸಬೇಕು. ಎರಡೂ ಹಾಳೆಯಲ್ಲಿ ಇದನ್ನು ಮಾಡಬೇಕು ಎಂಬುದನ್ನು ಅನೇಕರು ಮರೆಯುತ್ತಾರೆ. ನಮ್ಮಲ್ಲಿದ್ದು ಅಲ್ಲಿಲ್ಲದ್ದು ಯಾವುದು ಎಂದು ಹುಡುಕುವವರು ಬಹಳ. ಅಲ್ಲಿದ್ದು ನಮ್ಮಲ್ಲಿಲ್ಲದ್ದು ಯಾವುದು ಎಂದು ಹುಡುಕುವವರು ಕಡಿಮೆ.

ಅರ್ಧ ತಾಸಿನಲ್ಲಿ ಜೋಡಿಯಿಲ್ಲದವು ಐದು ಉಳಿದವು.

ಮೊದಲನೆಯದು ಕೇಬಲ್ ವ್ಯಾಪಾರಿಯದು. ₹60,000ದ ಸರಕು, ₹10,800 ತೆರಿಗೆ. ಅಂಗಡಿಯ ಪುಸ್ತಕದಲ್ಲಿದೆ, 2ಬಿಯಲ್ಲಿಲ್ಲ. ಫೋನ್ ಮಾಡಿದಾಗ ಕಾರಣ ತಿಳಿಯಿತು: ಅವರದು ವರ್ಷಕ್ಕೆ ₹5 ಕೋಟಿಯೊಳಗಿನ ವಹಿವಾಟು, ಮೂರು ತಿಂಗಳಿಗೊಮ್ಮೆ ರಿಟರ್ನ್ ಕೊಡುವವರು. ಅಂಥವರು ತ್ರೈಮಾಸಿಕದ ಮೊದಲ ಎರಡು ತಿಂಗಳ ಬಿಲ್ಲುಗಳನ್ನು ಐಎಫ್‌ಎಫ್ ಎಂಬ ಸೌಲಭ್ಯದಲ್ಲಿ ಮುಂದಿನ ತಿಂಗಳ 13ರೊಳಗೆ ಹಾಕಬಹುದು. ಹಾಕಲೇಬೇಕೆಂದಿಲ್ಲ. ಹಾಕದೇ ಬಿಟ್ಟರೆ ಅಕ್ಟೋಬರ್‌ನ ಬಿಲ್ಲು ಬೆಳಕು ಕಾಣುವುದು ಜನವರಿ 14ರ 2ಬಿಯಲ್ಲಿ. ಇಲ್ಲಿ ಯಾರ ತಪ್ಪೂ ಇಲ್ಲ, ಆದರೆ ಅಂಗಡಿಯವರ ಹತ್ತು ಸಾವಿರದ ಎಂಟುನೂರು ರೂಪಾಯಿ ಮೂರು ತಿಂಗಳು ಸಿಕ್ಕಿಬಿದ್ದಂತೆ. ಡಿಸೆಂಬರ್ 13ರೊಳಗೆ ಐಎಫ್‌ಎಫ್‌ನಲ್ಲಿ ಹಾಕಿ ಎಂದು ಕೇಳಿಕೊಂಡು, ಈ ತಿಂಗಳಿಗೆ ಆ ಮೊತ್ತವನ್ನು ಬದಿಗಿಟ್ಟಳು.

ಎರಡನೆಯದೂ ಹಾಗೆಯೇ ಕಾಣುತ್ತದೆ, ಆದರೆ ಅದರ ಜಾತಿ ಬೇರೆ. ₹35,000ದ ಎಂಸಿಬಿಗಳು, ₹6,300 ತೆರಿಗೆ. ಮಾರಿದವರು ತಿಂಗಳ ರಿಟರ್ನ್ ಕೊಡುವವರು, ಅಕ್ಟೋಬರ್‌ದು ಸಮಯಕ್ಕೆ ಸರಿಯಾಗಿ ಕೊಟ್ಟಿದ್ದಾರೆ. ಮುದ್ರಿತ ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ನಂಬರೂ ಸರಿಯಾಗಿದೆ. “ನಾವು ಹಾಕೀವಿ ಮೇಡಂ, ಬೇಕಾದ್ರೆ ನೋಡಿ” ಎಂದು ಅವರ ಅಕೌಂಟೆಂಟ್ ಖಡಾಖಂಡಿತವಾಗಿ ಹೇಳಿದ. ಫೋಟೊ ತೆಗೆದು ಕಳಿಸಿ ಎಂದಾಗ ಗೊತ್ತಾಯಿತು: ರಿಟರ್ನ್‌ಗೆ ಹಾಕುವಾಗ ಹೆಸರಿನ ಪಟ್ಟಿಯಲ್ಲಿ ಇದೇ ಥರದ ಹೆಸರಿನ ಚಿತ್ರದುರ್ಗದ ಅಂಗಡಿಯನ್ನು ಆರಿಸಿಬಿಟ್ಟಿದ್ದ. ಜಿಎಸ್‌ಟಿ ನಂಬರಿನಲ್ಲಿ ಕರ್ನಾಟಕದ 29, ಆಮೇಲೆ ಪ್ಯಾನ್‌ನ ಹತ್ತು ಅಕ್ಷರ, ಕೊನೆಯಲ್ಲೊಂದು ತಪಾಸಣೆಯ ಅಕ್ಷರ ಇರುತ್ತದೆ. ಒಂದು ಅಂಕಿ ತಪ್ಪಾಗಿ ಹೊಡೆದರೆ ಆ ಕೊನೆಯ ಅಕ್ಷರ ಹಿಡಿದುಕೊಡುತ್ತದೆ. ಆದರೆ ಇನ್ನೊಬ್ಬರ ಸರಿಯಾದ ನಂಬರನ್ನೇ ಹಾಕಿದರೆ ಯಂತ್ರ ಯಾವ ತಕರಾರೂ ಎತ್ತುವುದಿಲ್ಲ.

ಇದು ತಾನಾಗಿ ಸರಿಹೋಗುವ ತಪ್ಪಲ್ಲ. ಕೇಬಲ್ಲಿನ ಬಿಲ್ಲು ಕಾದರೆ ಬರುತ್ತದೆ, ಇದು ಎಷ್ಟು ಕಾದರೂ ಬರುವುದಿಲ್ಲ. ತಿದ್ದಬೇಕಾದವರು ಮಾರಿದವರು. ಆ ತಿಂಗಳ ಜಿಎಸ್‌ಟಿಆರ್-1ರ ತಪ್ಪುಗಳನ್ನು 3ಬಿ ಕೊಡುವ ಮೊದಲೇ ತಿದ್ದಲು ಜಿಎಸ್‌ಟಿಆರ್-1ಎ ಎಂಬ ಫಾರಂ ಇದೆ. ಆದರೆ ಕೊಂಡವರ ಜಿಎಸ್‌ಟಿ ನಂಬರನ್ನೇ ಬದಲಿಸಲು ಅದರಲ್ಲಿ ಆಗುವುದಿಲ್ಲ. ಮುಂದಿನ ತಿಂಗಳ ಜಿಎಸ್‌ಟಿಆರ್-1ರ ತಿದ್ದುಪಡಿ ಪಟ್ಟಿಯಲ್ಲೇ ಸರಿಪಡಿಸಬೇಕು. ಅಂದರೆ ಈ ₹6,300 ಬೇಗ ಎಂದರೂ ಡಿಸೆಂಬರ್ 14ಕ್ಕೆ. ಅವಳು ಬಿಲ್ಲಿನ ಫೋಟೊ ಸಮೇತ ವಾಟ್ಸ್ಯಾಪ್‌ನಲ್ಲಿ ಬರೆದು ಕಳಿಸಿದಳು, ಬಾಯಿಮಾತಿಗೆ ಬಿಡಲಿಲ್ಲ.

ಮೂರನೆಯದು ಒಂದು ಕ್ರೆಡಿಟ್ ನೋಟ್. ತಿಂಗಳ ನಡುವೆ ಅಂಗಡಿಯವರು ₹9,000ದ ಕೆಟ್ಟ ಬಲ್ಬುಗಳನ್ನು ವಾಪಸ್ ಕಳಿಸಿದ್ದರು. ಹೋಲ್‌ಸೇಲ್‌ನವರು ಅದಕ್ಕೆ ಕ್ರೆಡಿಟ್ ನೋಟ್ ಬರೆದು, ₹1,620 ತೆರಿಗೆಯನ್ನು ತಮ್ಮ ಲೆಕ್ಕದಿಂದ ಕಡಿಮೆ ಮಾಡಿಕೊಂಡಿದ್ದಾರೆ. 2ಬಿಯಲ್ಲೂ ಅಷ್ಟು ಕಡಿಮೆಯಾಗಿದೆ. ಅಂಗಡಿಯ ಪುಸ್ತಕದಲ್ಲಿ ಮಾತ್ರ ವಾಪಸ್ ಹೋದ ಬಲ್ಬುಗಳ ಸುದ್ದಿಯೇ ಇಲ್ಲ. ಕ್ರೆಡಿಟ್ ನೋಟಿನ ಹಾಳೆ ಕೌಂಟರಿನ ಡ್ರಾದಲ್ಲಿತ್ತು. ಇಲ್ಲಿ ಪೋರ್ಟಲ್ ಸರಿ, ಪುಸ್ತಕ ತಪ್ಪು.

ಇನ್ನೆರಡು ತಿರುಗುಮುರುಗು ಬಗೆಯವು: ಪೋರ್ಟಲ್‌ನಲ್ಲಿವೆ, ಪುಸ್ತಕದಲ್ಲಿಲ್ಲ. ಹಾಗಿದ್ದಾಗ “ಬಂದಿದ್ದು ಬರಲಿ” ಎಂದು ತೆಗೆದುಕೊಳ್ಳುವ ಆಸೆ ಹುಟ್ಟುವುದು ಸಹಜ. ಒಂದು, ಅಕ್ಟೋಬರ್ 30ರ ತಾರೀಖಿನ ₹80,000ದ ಫ್ಯಾನುಗಳ ಬಿಲ್ಲು, ತೆರಿಗೆ ₹14,400. ಲಾರಿ ಬಂದಿದ್ದು ನವೆಂಬರ್ 3ಕ್ಕೆ. ಸರಕು ಕೈಸೇರದೆ ಕ್ರೆಡಿಟ್ ತೆಗೆಯುವಂತಿಲ್ಲ ಎಂಬುದು ಕಾನೂನಿನ ಹಳೆಯ ಷರತ್ತು, 2ಬಿಯಲ್ಲಿ ಕಂಡಿತೆಂದು ಅದು ಬಿದ್ದುಹೋಗುವುದಿಲ್ಲ. ಇದು ನವೆಂಬರ್‌ನ ಕ್ರೆಡಿಟ್.

ಕೊನೆಯದನ್ನು ನೋಡಿ ಅವಳಿಗೂ ನಗು ಬಂತು. ಗೃಹೋಪಯೋಗಿ ವಸ್ತುಗಳ ಅಂಗಡಿಯೊಂದರಿಂದ ₹25,000ದ ಫ್ರಿಜ್ಜು, ತೆರಿಗೆ ₹4,500. ಅಂಗಡಿಗೆ ಫ್ರಿಜ್ಜು ಬಂದಿಲ್ಲ. ವಿಚಾರಿಸಿದರೆ ಮಾಲೀಕರ ಮಗ ಮನೆಗೆ ಕೊಂಡಿದ್ದ, ಕೌಂಟರಿನವರು “ಜಿಎಸ್‌ಟಿ ನಂಬರ್ ಇದೆಯಾ ಸಾರ್?” ಎಂದಾಗ ಅಪ್ಪನ ನಂಬರು ಹೇಳಿದ್ದ. ಮನೆಬಳಕೆಯ ವಸ್ತುವಿಗೆ ಕ್ರೆಡಿಟ್ ಇಲ್ಲ.

ಇವುಗಳನ್ನು ಪೋರ್ಟಲ್‌ಗೆ ಹೇಳುವ ಜಾಗ 2024ರ ಅಕ್ಟೋಬರ್‌ನಿಂದ ಬಂದಿದೆ. ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಚಿಕ್ಕದಾಗಿ ಐಎಂಎಸ್. ಮಾರಿದವರು ಹಾಕಿದ ಪ್ರತಿಯೊಂದು ಬಿಲ್ಲೂ ಅಲ್ಲಿ ಕಾಣುತ್ತದೆ. ಅದರ ಮುಂದೆ ಅಕ್ಸೆಪ್ಟ್, ರಿಜೆಕ್ಟ್, ಪೆಂಡಿಂಗ್ ಎಂಬ ಮೂರು ಆಯ್ಕೆಗಳಿವೆ. ಏನೂ ಒತ್ತದೆ ಬಿಟ್ಟರೆ ಒಪ್ಪಿಕೊಂಡಂತೆಯೇ. ಬಹಳ ಅಂಗಡಿಗಳಲ್ಲಿ ನಡೆಯುತ್ತಿರುವುದು ಈ ಮೌನದ ಒಪ್ಪಿಗೆಯೇ, ಏಕೆಂದರೆ ಆ ಪುಟವನ್ನು ತೆರೆಯುವವರು ಕಡಿಮೆ.

ಲಾರಿಯಲ್ಲಿದ್ದ ಫ್ಯಾನುಗಳ ಬಿಲ್ಲಿಗೆ ಅವಳು ಪೆಂಡಿಂಗ್ ಒತ್ತಿದಳು. ಫ್ರಿಜ್ಜಿಗೆ? ರಿಜೆಕ್ಟ್ ಒತ್ತಬೇಕೆನ್ನಿಸುತ್ತದೆ, ಆದರೆ ಒತ್ತಬಾರದು. ರಿಜೆಕ್ಟ್ ಎಂದರೆ “ಈ ಬಿಲ್ಲು ನಮ್ಮದಲ್ಲ, ತಪ್ಪಾಗಿದೆ” ಎಂದು ಹೇಳಿದಂತೆ. ಫ್ರಿಜ್ಜನ್ನು ಕೊಂಡಿದ್ದಂತೂ ನಿಜ, ಈ ನಂಬರು ಕೊಟ್ಟು ಕೊಂಡಿದ್ದೂ ನಿಜ. ಕ್ರೆಡಿಟ್‌ಗೆ ಅರ್ಹತೆ ಇಲ್ಲ ಅಷ್ಟೆ. ಅದನ್ನು ಒಪ್ಪಿಕೊಂಡು, 3ಬಿಯಲ್ಲಿ ವಾಪಸ್ ಮಾಡಬೇಕು. ಅತ್ತ ಚಿತ್ರದುರ್ಗದ ಅಂಗಡಿಯವರು ತಮ್ಮ ಪಟ್ಟಿ ನೋಡಿಕೊಂಡರೆ, ಕೊಳ್ಳದ ಎಂಸಿಬಿಗಳ ಬಿಲ್ಲು ಅವರಿಗೆ ಕಾಣುತ್ತದೆ. ರಿಜೆಕ್ಟ್ ಗುಂಡಿ ಇರುವುದು ಅಂಥದ್ದಕ್ಕೆ. 14ರ ನಂತರ ಇಂಥ ಬದಲಾವಣೆ ಮಾಡಿದರೆ 2ಬಿಯನ್ನು ಮತ್ತೆ ಲೆಕ್ಕ ಹಾಕಲು ಪೋರ್ಟಲ್‌ಗೆ ಹೇಳಬೇಕು, ಇಲ್ಲದಿದ್ದರೆ ಹಳೆಯ ಮೊತ್ತವೇ ಕೂತಿರುತ್ತದೆ.

ಈಗ ಕೂಡಿಸಿ ಕಳೆಯೋಣ. ಪುಸ್ತಕದ ₹2,14,560ರಿಂದ ಕೇಬಲ್ಲಿನ 10,800, ಎಂಸಿಬಿಯ 6,300, ವಾಪಸ್ ಹೋದ ಬಲ್ಬಿನ 1,620 ಕಳೆದರೆ ಉಳಿಯುವುದು ₹1,95,840. ಪೋರ್ಟಲ್‌ನ ₹2,14,740ರಿಂದ ಫ್ಯಾನಿನ 14,400, ಫ್ರಿಜ್ಜಿನ 4,500 ಕಳೆದರೂ ಅದೇ ₹1,95,840. ಎರಡು ದಾರಿಯಿಂದ ಒಂದೇ ಊರು ತಲುಪಿದಾಗಲೇ ತಾಳೆ ಮುಗಿಯಿತು ಎನ್ನಬಹುದು. ನವೆಂಬರ್ 20ಕ್ಕೆ ಕೊಡುವ 3ಬಿಯಲ್ಲಿ 4(A)(5)ರಲ್ಲಿ ₹2,00,340, ಫ್ರಿಜ್ಜಿನ ₹4,500 ಮಾತ್ರ 4(B)(1)ರಲ್ಲಿ ವಾಪಸ್.

ಮಾಲೀಕರ ಮಾತು ಕೇಳಿ ಪೋರ್ಟಲ್‌ನ ಮೊತ್ತವನ್ನೇ ಹಾಕಿದ್ದರೆ ₹18,900 ಹೆಚ್ಚು ತೆಗೆದಂತಾಗುತ್ತಿತ್ತು. ಸ್ವಾರಸ್ಯವೆಂದರೆ ಯಾರೂ ತಕ್ಷಣ ಕೇಳುತ್ತಿರಲಿಲ್ಲ. 3ಬಿಯಲ್ಲಿ ತೆಗೆದ ಕ್ರೆಡಿಟ್ 2ಬಿಗಿಂತ ತೀರಾ ಹೆಚ್ಚಾದಾಗ ಪೋರ್ಟಲ್ ತಾನಾಗಿ ಡಿಆರ್‌ಸಿ-01ಸಿ ಎಂಬ ತಿಳಿವಳಿಕೆ ಪತ್ರ ಕಳಿಸುತ್ತದೆ. ಇಲ್ಲಿ ಎರಡೂ ಸಮ, ಹಾಗಾಗಿ ಯಂತ್ರಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮುಂದೆ ಎಂದೋ ಆಡಿಟ್‌ಗೆ ಬಂದವರು ಫ್ರಿಜ್ಜಿನ ಬಿಲ್ಲು ಎತ್ತಿ ತೋರಿಸಿದಾಗ, ತೆರಿಗೆಯ ಜೊತೆಗೆ ಬಳಸಿಕೊಂಡ ದಿನದಿಂದ ವರ್ಷಕ್ಕೆ ಶೇ 18ರ ಬಡ್ಡಿಯನ್ನೂ ಕಟ್ಟಬೇಕಾಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು ಕಡೆ: ಚಿತ್ರದುರ್ಗಕ್ಕೆ ಹೋದ ₹6,300 ಅಲ್ಲೇ ಉಳಿಯುತ್ತಿತ್ತು, ಅದು ಕಳೆದುಹೋಗಿದೆ ಎಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ.

2ಬಿಯಲ್ಲಿ ಬಿಲ್ಲು ಬಂತೆಂದರೆ ನಿದ್ದೆ ಮಾಡಬಹುದೆ? ಪೂರ್ತಿ ಅಲ್ಲ. ಮಾರಿದವನು ಜಿಎಸ್‌ಟಿಆರ್-1ರಲ್ಲಿ ಬಿಲ್ಲು ತೋರಿಸಿ, ತೆರಿಗೆ ಕಟ್ಟುವ 3ಬಿಯನ್ನು ಕೊಡದೇ ಹೋಗಬಹುದು. ಆಗ 2ಬಿಯಲ್ಲಿ ಬಿಲ್ಲು ಇರುತ್ತದೆ, ಖಜಾನೆಯಲ್ಲಿ ದುಡ್ಡಿರುವುದಿಲ್ಲ. ಇದಕ್ಕಾಗಿ 2022ರ ಡಿಸೆಂಬರ್‌ನಲ್ಲಿ 37ಎ ಎಂಬ ನಿಯಮ ಬಂತು. ಆರ್ಥಿಕ ವರ್ಷ ಮುಗಿದ ಮೇಲೆ ಬರುವ ಸೆಪ್ಟೆಂಬರ್ 30ರವರೆಗೂ ಮಾರಿದವನು ಆ 3ಬಿ ಕೊಡದಿದ್ದರೆ, ಕೊಂಡವನು ತೆಗೆದ ಕ್ರೆಡಿಟ್ಟನ್ನು ನವೆಂಬರ್ 30ರೊಳಗೆ ವಾಪಸ್ ಮಾಡಬೇಕು. ಮುಂದೆ ಅವನು ಕೊಟ್ಟಾಗ ಮತ್ತೆ ತೆಗೆದುಕೊಳ್ಳಬಹುದು. ಕೊಟ್ಟಿದ್ದಾನೋ ಇಲ್ಲವೋ ನೋಡುವುದು ಸುಲಭ. ಪೋರ್ಟಲ್‌ನಲ್ಲಿ ಲಾಗಿನ್ ಆಗದೆಯೂ ಅವನ ಜಿಎಸ್‌ಟಿ ನಂಬರು ಹಾಕಿ ಹುಡುಕಿದರೆ, ಯಾವ ತಿಂಗಳ ರಿಟರ್ನ್ ಯಾವ ದಿನ ಬಂತೆಂಬ ಪಟ್ಟಿ ಕಾಣುತ್ತದೆ.

ಬಿಲ್ಲಿದೆ, ಚೆಕ್ಕಿನಲ್ಲಿ ಹಣ ಕೊಟ್ಟಿದ್ದೇವೆ, ಇನ್ನೇನು ಬೇಕು ಎಂದು ವಾದಿಸುವವರಿಗೆ ನಮ್ಮದೇ ರಾಜ್ಯದ ಒಂದು ಪ್ರಕರಣ ಉತ್ತರವಾಗಿ ನಿಂತಿದೆ. ಕಾಫಿ ಬೀಜ ಕೊಂಡ ಎಕಾಮ್ ಗಿಲ್ ಕಾಫಿ ಟ್ರೇಡಿಂಗ್ ಸಂಸ್ಥೆ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು. ವಿವಾದ ಜಿಎಸ್‌ಟಿಗೆ ಮುಂಚಿನ ವ್ಯಾಟ್ ಕಾಲದ್ದು. ಬಿಲ್ಲು ಮತ್ತು ಚೆಕ್ಕು ತೋರಿಸಿದರೆ ಸಾಲದು, ಸರಕು ನಿಜವಾಗಿ ಕೈಬದಲಾಗಿದೆ ಎಂದು ಸಾಬೀತು ಮಾಡುವ ಹೊಣೆ ಕ್ರೆಡಿಟ್ ಕೇಳುವವರದೇ ಎಂದಿತು ಕೋರ್ಟು. ಲಾರಿಯ ನಂಬರು, ಬಾಡಿಗೆ ಕೊಟ್ಟ ದಾಖಲೆ, ಸರಕು ಇಳಿಸಿಕೊಂಡ ರಸೀದಿ ಇಂಥವು ಬೇಕು. ವಾದ ಎರಡೂ ಕಡೆ ಇದೆ: ಪ್ರಾಮಾಣಿಕವಾಗಿ ಕೊಂಡವನು ಮಾರಿದವನ ಪಾಪಕ್ಕೆ ಯಾಕೆ ದಂಡ ತೆರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಪ್ರಶ್ನೆ ಕೇಳಲು ವಕೀಲರ ಫೀಸು ಬೇಕು, ಸಣ್ಣ ಅಂಗಡಿಗೆ ಅದು ಕ್ರೆಡಿಟ್‌ಗಿಂತ ದುಬಾರಿ.

ಅದಕ್ಕೇ ಪೇಟೆ ತನ್ನದೇ ಉಪಾಯ ಕಂಡುಕೊಂಡಿದೆ. ಹೊಸಬರಿಂದ ಕೊಂಡಾಗ ಸರಕಿನ ಹಣ ಕೊಟ್ಟು, ಜಿಎಸ್‌ಟಿಯ ಮೊತ್ತವನ್ನು ಹಿಡಿದಿಟ್ಟುಕೊಳ್ಳುತ್ತಾರೆ. 2ಬಿಯಲ್ಲಿ ಬಿಲ್ಲು ಕಂಡ ಮೇಲೆ ಬಿಡುಗಡೆ. ಕೆಲಸ ಮಾಡುವ ಉಪಾಯವೇ, ಆದರೆ ಇದಕ್ಕೊಂದು ಗಡಿ ಇದೆ. ಬಿಲ್ಲಿನ ತಾರೀಖಿನಿಂದ 180 ದಿನಗಳಲ್ಲಿ ತೆರಿಗೆ ಸಮೇತ ಪೂರ್ತಿ ಹಣ ಕೊಡದಿದ್ದರೆ, ಬಾಕಿ ಉಳಿದ ಪಾಲಿಗೆ ತಕ್ಕಷ್ಟು ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಹಣ ಕೊಟ್ಟ ಮೇಲೆ ಮತ್ತೆ ಪಡೆಯಬಹುದು. ಹಿಡಿದಿಟ್ಟ ಮೊತ್ತವನ್ನು ಮರೆತರೆ ಉಪಾಯವೇ ಅಪಾಯ.

ಡಿಸೆಂಬರ್ 14ರ ಸಂಜೆ ಅವಳು ನವೆಂಬರ್‌ನ 2ಬಿ ಇಳಿಸಿಕೊಂಡಳು. ಹೊಸ ಬಿಲ್ಲುಗಳಿಗೆ ಕೈ ಹಾಕುವ ಮುನ್ನ ಹಳೆಯ ಚೀಟಿ ತೆಗೆದಳು. ಪೆಂಡಿಂಗ್‌ನಲ್ಲಿಟ್ಟಿದ್ದ ಫ್ಯಾನುಗಳನ್ನು ಆಗಲೇ ಅಕ್ಸೆಪ್ಟ್ ಮಾಡಿಯಾಗಿತ್ತು, ₹14,400 ಬಂದಿದೆ. ಕೇಬಲ್ಲಿನವರು ಐಎಫ್‌ಎಫ್‌ನಲ್ಲಿ ಹಾಕಿದ್ದಾರೆ, ₹10,800 ಬಂದಿದೆ. ಎರಡಕ್ಕೂ ಗೆರೆ ಎಳೆದಳು. ಎಂಸಿಬಿಯ ₹6,300 ಇನ್ನೂ ಬಂದಿಲ್ಲ. ತಿದ್ದುತ್ತೇವೆ ಎಂದವರು ತಿದ್ದಿಲ್ಲ. ಆ ಬಿಲ್ಲಿಗೆ 2026ರ ನವೆಂಬರ್ 30ರವರೆಗೆ ಸಮಯವಿದೆ, ಅಷ್ಟರೊಳಗೆ ಅಂಗಡಿಯವರು ವಾರ್ಷಿಕ ರಿಟರ್ನ್ ಕೊಟ್ಟುಬಿಟ್ಟರೆ ಅಲ್ಲಿಗೇ ಮುಗಿಯಿತು. ಚೀಟಿಯಲ್ಲಿ ಆ ತಾರೀಖು ಬರೆದು, ಕೆಳಗೆ ಗೆರೆ ಎಳೆದು, ಫೋನ್ ಎತ್ತಿಕೊಂಡಳು.

“ಸರ್, ಎಂಸಿಬಿ ಬಿಲ್ಲು, ಚಿತ್ರದುರ್ಗಕ್ಕೆ ಹೋಗಿತ್ತಲ್ಲ...”